ಕೆಟ್ಟ ಲಾಟ್‌ಗೆ ಒಂದು ಗಟ್ಟಿ ಪತ್ರ

ದೋಷವಿರುವ ಮಾಲು ಬಂದಾಗ ಪೂರೈಕೆದಾರರಿಗೆ ಬರೆಯುವ ಪತ್ರಕ್ಕೆ ಎರಡು ಕೆಲಸಗಳಿವೆ. ಈ ಮಾಲನ್ನು ಒಪ್ಪಿಕೊಂಡಿಲ್ಲ ಎಂಬುದನ್ನು ಕಾಲಮಿತಿಯೊಳಗೆ ದಾಖಲೆಗೆ ತರುವುದು ಮೊದಲನೆಯದು. ಎದುರಿನ ಕಚೇರಿಯ ಅಕೌಂಟೆಂಟ್ ಇನ್ನೊಂದು ಪ್ರಶ್ನೆ ಕೇಳದೆ ಕ್ರೆಡಿಟ್ ನೋಟ್ ಬರೆಯಬಹುದಾದಷ್ಟು ಸ್ಪಷ್ಟವಾಗಿ ಲೆಕ್ಕ ಕೊಡುವುದು ಎರಡನೆಯದು. ಸಿಟ್ಟು ತೋಡಿಕೊಳ್ಳಲು ಫೋನ್ ಇದೆ, ಅದನ್ನು ಪತ್ರಕ್ಕೆ ತರಬೇಕಿಲ್ಲ. ಆದರೂ ಸಣ್ಣ ಉದ್ದಿಮೆಗಳಿಂದ ಹೋಗುವ ಬಹುಪಾಲು ದೂರುಗಳಲ್ಲಿ ಸಿಟ್ಟು ಮಾತ್ರ ಇರುತ್ತದೆ: ‘ನಿಮ್ಮ ಮಾಲು ಸರಿ ಇಲ್ಲ, ಪೂರ್ತಿ ಲಾಟ್ ವಾಪಸ್ ತಗೊಳ್ಳಿ’ ಎಂಬ ಒಂದು ಸಾಲಿನ ಮೆಸೇಜ್, ಜೊತೆಗೆ ಮಸುಕಾದ ಎರಡು ಫೋಟೊ. ಎಷ್ಟು ನಗ, ಯಾವ ಬಿಲ್ಲಿನವು, ಏನು ತೊಂದರೆ, ಏನು ಬೇಕು ಎಂಬುದು ಅದರಲ್ಲಿ ಇರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡಿದರೆ ವಿಷಯ ತಿಳಿಯಾಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಮೆಷಿನ್ ಶಾಪ್ ಇದೆ ಎಂದುಕೊಳ್ಳಬಹುದು. ಅದು ಬೆಳಗಾವಿಯ ಒಂದು ಫೌಂಡ್ರಿಯಿಂದ ಬೀಡು ಕಬ್ಬಿಣದ ಪಂಪ್ ಕೇಸಿಂಗ್ ಎರಕಗಳನ್ನು ತರಿಸಿ, ಲೇತ್‌ನಲ್ಲಿ ಬೋರ್ ಮಾಡಿ, ಪಂಪ್ ತಯಾರಿಸುವವರಿಗೆ ಕೊಡುತ್ತದೆ. ಜೂನ್ 3ರಂದು 400 ಕೇಸಿಂಗ್ ಬಂದವು. ನಗಕ್ಕೆ 650 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ, ಬಿಲ್ಲಿನ ಒಟ್ಟು ಮೊತ್ತ 3,06,800 ರೂಪಾಯಿ. ಹೊರಗಿನಿಂದ ನೋಡಿದರೆ ಎಲ್ಲವೂ ಚೊಕ್ಕಟ. ಸ್ಟೋರ್ಸ್‌ನವರು ಎಣಿಸಿ, ಅಳತೆ ನೋಡಿ, ಜಿಆರ್‌ಎನ್ ಬರೆದು ಒಳಗೆ ತೆಗೆದುಕೊಂಡರು. ಜೂನ್ 9ರ ಹೊತ್ತಿಗೆ 60 ನಗ ಮೆಷಿನ್‌ಗೆ ಹತ್ತಿದಾಗ ಬೋರ್‌ನ ಒಳಮೈಯಲ್ಲಿ ಕುಳಿಗಳು ತೆರೆದುಕೊಂಡವು. ಕಸುಬಿನವರು ಇದನ್ನು ಬ್ಲೋ ಹೋಲ್ ಎನ್ನುತ್ತಾರೆ. ಕರಗಿದ ಲೋಹ ಅಚ್ಚಿನೊಳಗೆ ಗಟ್ಟಿಯಾಗುವಾಗ ಹೊರಹೋಗಲು ದಾರಿ ಸಿಗದ ಅನಿಲ ಚರ್ಮದ ಕೆಳಗೆ ಗುಳ್ಳೆಯಾಗಿ ಉಳಿದಿರುತ್ತದೆ. ಮೇಲ್ಪದರ ಕೆತ್ತುವವರೆಗೂ ಅದು ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿಂದ ಪತ್ರ ಹೊರಡುವವರೆಗಿನ ಎರಡು ದಿನಗಳಲ್ಲಿ ಶಾಪ್‌ನ ನೆಲದ ಮೇಲೆ ಏನು ನಡೆಯುತ್ತದೆ ಎಂಬುದರ ಮೇಲೆಯೇ ದೂರಿನ ಬಲ ನಿಂತಿದೆ.

ಮೊದಲು ಮಾಡಬೇಕಾದದ್ದು ಮಾಲನ್ನು ಹೀಟ್ ಪ್ರಕಾರ ಬೇರೆ ಮಾಡುವುದು. ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸಿದ ಲೋಹಕ್ಕೆ ಒಂದು ಹೀಟ್ ಎನ್ನುತ್ತಾರೆ. ಶಿಸ್ತಿನ ಫೌಂಡ್ರಿಗಳು ಆ ನಂಬರನ್ನು ಎರಕದ ಮೈಮೇಲೆಯೇ ಮೂಡಿಸಿರುತ್ತವೆ ಅಥವಾ ಪೇಂಟಿನಲ್ಲಿ ಬರೆದಿರುತ್ತವೆ. ಉದಾಹರಣೆಯ ಲಾಟ್‌ನಲ್ಲಿ ಹೀಟ್ 412ರ ನಗಗಳು 240, ಹೀಟ್ 413ರವು 160. ಮೆಷಿನ್ ಆದ 60ರಲ್ಲಿ 412ರವು 38, ಅವುಗಳಲ್ಲಿ ಕುಳಿ ಬಿದ್ದದ್ದು ಒಂದೇ ಒಂದು. 413ರವು 22, ಅವುಗಳಲ್ಲಿ 17 ಹೋದವು. ಹೀಗೆ ಬೇರೆ ಮಾಡದೆ ‘60ರಲ್ಲಿ 18 ರಿಜೆಕ್ಟ್’ ಎಂದು ಬರೆದಿದ್ದರೆ ಫೌಂಡ್ರಿಯವರು ‘ನಿಮ್ಮ ಟೂಲ್ ನೋಡಿಕೊಳ್ಳಿ, ಕ್ಲ್ಯಾಂಪಿಂಗ್ ನೋಡಿಕೊಳ್ಳಿ’ ಎಂದು ತಿರುಗಿ ಹೇಳಲು ಜಾಗ ಇರುತ್ತಿತ್ತು. ಅದೇ ಮೆಷಿನ್, ಅದೇ ಟೂಲ್, ಅದೇ ಆಪರೇಟರ್ ಇದ್ದು ಒಂದು ಹೀಟ್ ಪಾಸಾಗಿ ಇನ್ನೊಂದು ಫೇಲಾದರೆ ಆ ಮಾತು ನಿಲ್ಲುವುದಿಲ್ಲ. ಇಡೀ ಪತ್ರದಲ್ಲಿ ಎದುರಿನವರನ್ನು ಒಪ್ಪಿಸುವ ಒಂದೇ ಒಂದು ಸಂಗತಿ ಆರಿಸಬೇಕಿದ್ದರೆ ಅದು ಈ ಹೋಲಿಕೆಯೇ.

ನಂತರ ಫೋಟೊ. ಕುಳಿಯ ಹತ್ತಿರದ ಚಿತ್ರ ಒಂದೇ ಇದ್ದರೆ ಅದು ಯಾರ ಮಾಲು ಎಂದು ಯಾರೂ ಹೇಳಲಾರರು. ಒಂದು ಚಿತ್ರದಲ್ಲಿ ಇಡೀ ನಗ ಮತ್ತು ಅದರ ಹೀಟ್ ನಂಬರ್ ಕಾಣಬೇಕು, ಇನ್ನೊಂದರಲ್ಲಿ ಕುಳಿಯ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟಿರಬೇಕು. ಎರಡರಲ್ಲೂ ನಗದ ಮೇಲೆ ಮಾರ್ಕರ್‌ನಿಂದ ಬರೆದ ಒಂದೇ ಕ್ರಮಸಂಖ್ಯೆ ಇರಬೇಕು. ಹದಿನೆಂಟು ನಗಕ್ಕೂ ಹೀಗೆ ಸಂಖ್ಯೆ ಕೊಟ್ಟು, ಯಾವುದರಲ್ಲಿ ಎಲ್ಲಿ ಎಷ್ಟು ಮಿಲಿಮೀಟರ್ ಕುಳಿ, ಪ್ರೆಷರ್ ಟೆಸ್ಟ್‌ನಲ್ಲಿ ಸೋರಿತೇ ಇಲ್ಲವೇ ಎಂದು ಒಂದು ಪುಟದ ಪಟ್ಟಿ ಮಾಡಿದರೆ ಅದೇ ಇನ್‌ಸ್ಪೆಕ್ಷನ್ ರಿಪೋರ್ಟ್. ಕುಳಿ ಇದೆ ಎನ್ನುವುದಷ್ಟೇ ಸಾಲದು, ಆ ಕುಳಿಯಿಂದ ಡ್ರಾಯಿಂಗ್‌ನ ಯಾವ ಬೇಡಿಕೆ ತಪ್ಪಿತು ಎಂದೂ ಹೇಳಬೇಕು. ಕೇಸಿಂಗ್ ಸೋರಬಾರದು ಎಂದು ಡ್ರಾಯಿಂಗ್ ಹೇಳಿದ್ದರೆ ಸೋರಿದ್ದೇ ದೋಷ. ಸೀಲ್ ಕೂರುವ ಮುಖ ನುಣುಪಾಗಿರಬೇಕು ಎಂದಿದ್ದರೆ ಅಲ್ಲಿನ ಸಣ್ಣ ಕುಳಿಯೂ ದೋಷ. ಯಾವ ಕೆಲಸಕ್ಕೂ ಬಾರದ ಹೊರಮೈಯ ಮೂಲೆಯಲ್ಲಿ ಅಷ್ಟೇ ಗಾತ್ರದ ಕುಳಿ ಬಿದ್ದಿದ್ದರೆ ಬಹುಶಃ ದೂರಲು ಆಗುವುದಿಲ್ಲ.

ಕುಳಿಯ ರೂಪವನ್ನು ಇದ್ದದ್ದು ಇದ್ದಂತೆ ಬರೆಯಬೇಕು, ಕಾರಣ ಹೇಳಲು ಹೋಗಬಾರದು. ಒಳಗೋಡೆ ನುಣುಪಾಗಿ ಗುಂಡಗಿದ್ದರೆ ಅದು ಅನಿಲದ ಗುಳ್ಳೆಯ ಲಕ್ಷಣ. ದಪ್ಪ ಭಾಗಗಳು ಕೂಡುವ ಕಡೆ ಒರಟೊರಟಾಗಿ ಹರಿದಂತಿದ್ದರೆ ಲೋಹ ಕುಗ್ಗುವಾಗ ಆದ ಟೊಳ್ಳು. ಕುಳಿಯಲ್ಲಿ ಮರಳಿನ ಕಣ ಸಿಕ್ಕರೆ ಅಚ್ಚು ಕಳಚಿ ಬಿದ್ದಿದೆ ಎಂದರ್ಥ. ಬಲ್ಲವರಿಗೆ ವರ್ಣನೆಯೇ ಸಾಕು. ‘ನಿಮ್ಮ ಮರಳಿನಲ್ಲಿ ತೇವ ಜಾಸ್ತಿ’ ಎಂದು ಖರೀದಿದಾರ ಬರೆದುಬಿಟ್ಟರೆ ವಾದ ಮಾಲಿನ ಮೇಲಿಂದ ಮರಳಿನ ಮೇಲೆ ಹೋಗುತ್ತದೆ. ಫೌಂಡ್ರಿಯವರು ಅಂದಿನ ಮರಳಿನ ಟೆಸ್ಟ್ ರಿಪೋರ್ಟ್ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಮರಳೋ, ಲೇಡಲ್ಲೋ, ಕೋರ್‌ನ ಗಾಳಿಕಿಂಡಿಯೋ, ಹುಡುಕುವ ಕೆಲಸ ಅವರದು.

ಈ ಹಂತದಲ್ಲಿ ಮಾಡಲೇಬಾರದ ಕೆಲಸವೂ ಒಂದಿದೆ. ಆರ್ಡರ್ ಅರ್ಜೆಂಟ್ ಎಂದು ಕುಳಿಗೆ ವೆಲ್ಡಿಂಗ್ ಹಾಕುವುದು ಅಥವಾ ಪುಟ್ಟಿಯಂಥ ಮೆಟಲ್ ಕಾಂಪೌಂಡ್ ತುಂಬಿ ಮುಂದಕ್ಕೆ ತಳ್ಳುವುದು. 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಮಿನ ಪ್ರಕಾರ, ಮಾರಿದವನ ಒಡೆತನಕ್ಕೆ ಹೊಂದದಂತೆ ಮಾಲಿನ ಜೊತೆ ವರ್ತಿಸಿದರೆ ಖರೀದಿದಾರ ಅದನ್ನು ಒಪ್ಪಿಕೊಂಡಂತೆ. ನಿರಾಕರಣೆಯನ್ನು ತಿಳಿಸದೆ ಯುಕ್ತವಾದ ಕಾಲ ಮೀರಿ ಇಟ್ಟುಕೊಂಡರೂ ಅಷ್ಟೇ. ಮೆಷಿನ್ ಮಾಡಿದ್ದೇ ಒಪ್ಪಿಗೆ ಎಂದು ವಾದಿಸುವವರೂ ಇದ್ದಾರೆ. ಆ ವಾದ ಗೆದ್ದರೂ ಖರೀದಿದಾರ ಬರಿಗೈಯಲ್ಲಿ ಉಳಿಯುವುದಿಲ್ಲ. ಮಾಲನ್ನು ಹಿಂದಿರುಗಿಸುವ ಹಕ್ಕು ಹೋದರೂ, 59ನೇ ಕಲಮಿನಡಿ ಬೆಲೆ ಇಳಿಸಿಕೊಳ್ಳುವ ಅಥವಾ ನಷ್ಟ ಕೇಳುವ ಹಕ್ಕು ಉಳಿಯುತ್ತದೆ.

ಅದೇ ಕಾಯ್ದೆಯ 16ನೇ ಕಲಮಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂಥ ಸರಕಿನ ವ್ಯಾಪಾರ ಮಾಡುವವನಿಂದ ವಿವರಣೆಯ ಮೇಲೆ ಕೊಂಡ ಮಾಲು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು ಎಂಬ ಷರತ್ತು ಬರೆಯದಿದ್ದರೂ ಇದ್ದಂತೆಯೇ. ಆದರೆ ಖರೀದಿದಾರ ಮಾಲನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಈ ರಕ್ಷಣೆ ಇಲ್ಲ. ಆದ್ದರಿಂದ ದೋಷ ಯಾವಾಗ ಕಂಡಿತು, ಅದಕ್ಕೆ ಮೊದಲು ಏಕೆ ಕಾಣಲಿಲ್ಲ ಎಂಬ ಒಂದು ವಾಕ್ಯ ಪತ್ರದಲ್ಲಿ ಇರಲೇಬೇಕು. ಬ್ಲೋ ಹೋಲ್ ವಿಷಯದಲ್ಲಿ ಆ ವಾಕ್ಯ ಸುಲಭ. ತುಂಡಾದ ಕಿವಿ, ತಪ್ಪಿದ ಅಳತೆಗಳ ವಿಷಯದಲ್ಲಿ ಅಷ್ಟು ಸುಲಭವಲ್ಲ. ಅವನ್ನು ಮಾಲು ಇಳಿಸಿದ ದಿನವೇ ಹಿಡಿಯಬೇಕು.

ಇನ್ನು ಕಾಲಮಿತಿ. ಪೂರೈಕೆದಾರರು ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ಮಾಲು ತಲುಪಿದ 15 ದಿನದೊಳಗೆ ಖರೀದಿದಾರ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಮಾಲನ್ನು ಒಪ್ಪಿಕೊಂಡಂತೆ. ಆ ದಿನದಿಂದ ಪಾವತಿಯ ಗಡಿಯಾರ ಓಡಲಾರಂಭಿಸುತ್ತದೆ. ಕರಾರಿನಲ್ಲಿ ಏನೇ ಇರಲಿ, ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 15 ದಿನದೊಳಗೆ ಬರಹದ ಆಕ್ಷೇಪ ಹೋಗಿದ್ದರೆ, ಪೂರೈಕೆದಾರರು ಅದನ್ನು ಪರಿಹರಿಸಿದ ದಿನವೇ ಒಪ್ಪಿಗೆಯ ದಿನ. ಉದಾಹರಣೆಯ ಮಾಲಿಗೆ ಜೂನ್ 18 ಕೊನೆಯ ದಿನ. ಜೂನ್ 9ರಂದು ಫೋನ್‌ನಲ್ಲಿ ಅರ್ಧ ಗಂಟೆ ಜಗಳವಾಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಖಾನೆಗಳಲ್ಲಿ ಈ ಕಲಮು ಗೊತ್ತಿರುವುದು ಪೂರೈಕೆದಾರರಿಗೇ ಹೆಚ್ಚು. ಖರೀದಿದಾರರಿಗೆ ನೋಟಿಸ್ ಬಂದ ಮೇಲೆ ಗೊತ್ತಾಗುತ್ತದೆ.

ಪತ್ರದಲ್ಲಿ ಏನು ಕೇಳಬೇಕು? ರಿಪ್ಲೇಸ್‌ಮೆಂಟ್ ಅಥವಾ ಕ್ರೆಡಿಟ್ ನೋಟ್ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ಪೂರೈಕೆದಾರರು ತಮಗೆ ಅನುಕೂಲವಾದದ್ದನ್ನು, ಸಾಮಾನ್ಯವಾಗಿ ನಿಧಾನವಾದದ್ದನ್ನು, ಆರಿಸಿಕೊಳ್ಳುತ್ತಾರೆ. ಆರಿಸಿ ಕೇಳುವುದು ಒಳ್ಳೆಯದು. ಪಂಪ್ ಕಂಪನಿಯ ಆರ್ಡರ್ ಇನ್ನೂ ಜೀವಂತವಾಗಿದ್ದು, ಫೌಂಡ್ರಿಯಲ್ಲಿ ಅದೇ ಪ್ಯಾಟರ್ನ್ ಮತ್ತೆ ಹತ್ತುವುದಿದ್ದರೆ ಬದಲಿ ಮಾಲೇ ಬೇಕು, ದುಡ್ಡು ಬಂದು ಪ್ರಯೋಜನವಿಲ್ಲ. ಆರ್ಡರ್ ಕೈತಪ್ಪಿದ್ದರೆ ಅಥವಾ ಬೇರೆ ಕಡೆ ಮಾಲು ಸಿಕ್ಕಿದ್ದರೆ ಕ್ರೆಡಿಟ್ ನೋಟ್. ಒಂದೇ ಲಾಟ್‌ನಲ್ಲಿ ಕೆಲವಕ್ಕೆ ಅದು, ಕೆಲವಕ್ಕೆ ಇದು ಎಂದೂ ಕೇಳಬಹುದು. ಎಷ್ಟಕ್ಕೆ ಯಾವುದು ಎಂಬುದು ಅಂಕಿಯಲ್ಲಿ ಇರಬೇಕು.

ಇಲ್ಲಿ ಪ್ರಾಮಾಣಿಕತೆಯ ಪ್ರಶ್ನೆಯೂ ಬರುತ್ತದೆ. ಸಾಬೀತಾದದ್ದು 18 ನಗ ಮಾತ್ರ. ಹೀಟ್ 413ರಲ್ಲಿ ಮೆಷಿನ್ ಆಗದ 138 ಇನ್ನೂ ಅನುಮಾನದವು, ಕೆಟ್ಟವು ಎಂದು ಯಾರೂ ನೋಡಿಲ್ಲ. ಹೀಟ್ 412ರ ಉಳಿದವನ್ನು ದೂರಿಗೆ ಎಳೆಯಲು ಕಾರಣವೇ ಇಲ್ಲ. 38ರಲ್ಲಿ ಒಂದು ಹೋಗುವುದು ಎರಕದ ಕಸುಬಿನಲ್ಲಿ ದೊಡ್ಡ ಸುದ್ದಿಯಲ್ಲ. ಇಡೀ ಲಾಟ್ ಕೆಟ್ಟಿದೆ ಎಂದು ಬರೆದ ಪತ್ರವನ್ನು ಫೌಂಡ್ರಿಯವರು ಮೊದಲ ಸಾಲಿನಲ್ಲೇ ನಂಬುವುದನ್ನು ನಿಲ್ಲಿಸುತ್ತಾರೆ. ಸಾಬೀತಾದದ್ದನ್ನೂ ಅನುಮಾನದ್ದನ್ನೂ ಬೇರೆ ಬೇರೆ ಇಟ್ಟ ಪತ್ರ ಹೀಗಿರಬಹುದು:

ವಿಷಯ: ಪರ್ಚೇಸ್ ಆರ್ಡರ್ 118, ನಿಮ್ಮ ಇನ್‌ವಾಯ್ಸ್ 276: ಹೀಟ್ 413ರ ಪಂಪ್ ಕೇಸಿಂಗ್‌ಗಳ ಬಗ್ಗೆ ಆಕ್ಷೇಪ

ಮಾನ್ಯರೇ,

ಮೇಲಿನ ಇನ್‌ವಾಯ್ಸಿನ 400 ಪಂಪ್ ಕೇಸಿಂಗ್‌ಗಳು ಜೂನ್ 3ರಂದು ನಮಗೆ ತಲುಪಿವೆ (ನಮ್ಮ ಜಿಆರ್‌ಎನ್ 91). ಇವುಗಳಲ್ಲಿ ಹೀಟ್ 412ರವು 240, ಹೀಟ್ 413ರವು 160.

ಜೂನ್ 9ರವರೆಗೆ 60 ನಗ ಮೆಷಿನ್ ಆಗಿವೆ. ಹೀಟ್ 412ರ 38ರಲ್ಲಿ 1, ಹೀಟ್ 413ರ 22ರಲ್ಲಿ 17 ನಗಗಳ ಬೋರ್‌ನಲ್ಲಿ 2ರಿಂದ 5 ಮಿಲಿಮೀಟರ್ ಅಗಲದ, ನುಣುಪು ಗೋಡೆಯ ಗುಂಡನೆಯ ಕುಳಿಗಳು ಕಂಡಿವೆ. 11 ನಗ ಡ್ರಾಯಿಂಗ್‌ನಲ್ಲಿ ಹೇಳಿದ ಟೆಸ್ಟ್ ಒತ್ತಡದಲ್ಲಿ ಸೋರಿವೆ. ಉಳಿದ 7ರಲ್ಲಿ ಕುಳಿ ಸೀಲ್ ಕೂರುವ ಮುಖದ ಮೇಲಿದೆ. ದೋಷ ಮೇಲ್ಪದರದ ಕೆಳಗಿದ್ದುದರಿಂದ ಮಾಲು ಪಡೆಯುವಾಗ ಕಾಣುವಂತಿರಲಿಲ್ಲ. ಎರಡೂ ಹೀಟ್‌ಗಳ ಕೆಲಸ ಒಂದೇ ಮೆಷಿನ್‌ನಲ್ಲಿ, ಒಂದೇ ಸೆಟಪ್‌ನಲ್ಲಿ ಆಗಿದೆ.

ಈ 18 ನಗಗಳನ್ನು ನಿರಾಕರಿಸಿದ್ದೇವೆ. ಇವುಗಳಿಗೆ 11,700 ರೂಪಾಯಿ ಮತ್ತು ಜಿಎಸ್‌ಟಿ 2,106, ಒಟ್ಟು 13,806 ರೂಪಾಯಿಗೆ ಕ್ರೆಡಿಟ್ ನೋಟ್ ಕಳಿಸಿಕೊಡಿ.

ಹೀಟ್ 413ರ ಮೆಷಿನ್ ಆಗದ 138 ನಗಗಳನ್ನು ಬೇರೆ ಇಟ್ಟಿದ್ದೇವೆ, ಬಳಸುತ್ತಿಲ್ಲ. ಜೂನ್ 18ರೊಳಗೆ ನಿಮ್ಮವರು ಬಂದು ಜಂಟಿಯಾಗಿ ನೋಡಬಹುದು. ಆವರೆಗೆ ಯಾರೂ ಬರದಿದ್ದರೆ ಇವನ್ನೂ ನಿರಾಕರಿಸಲಾಗಿದೆ ಎಂದು ತಿಳಿಯಬೇಕು. ಆಗ ನಿಮ್ಮ ಖರ್ಚಿನಲ್ಲಿ ಒಯ್ದು, ಜುಲೈ 5ರೊಳಗೆ 138 ಬದಲಿ ನಗ ಕೊಡಬೇಕೆಂದು ಕೋರುತ್ತೇವೆ.

ನಿರಾಕರಿಸಿದ 18 ನಗಗಳ ಮೆಷಿನಿಂಗ್ ವೆಚ್ಚ, ನಗಕ್ಕೆ 140 ರೂಪಾಯಿಯಂತೆ 2,520 ರೂಪಾಯಿ, ಆರ್ಡರಿನ ಷರತ್ತಿನಂತೆ ಪ್ರತ್ಯೇಕವಾಗಿ ಕೇಳುತ್ತಿದ್ದೇವೆ.

ತಕರಾರಿಲ್ಲದ 244 ನಗಗಳ 1,87,148 ರೂಪಾಯಿಯನ್ನು ಗಡುವಿನಂತೆ ಪಾವತಿಸುತ್ತೇವೆ.

ಲಗತ್ತು: ಇನ್‌ಸ್ಪೆಕ್ಷನ್ ರಿಪೋರ್ಟ್, ಕ್ರಮಸಂಖ್ಯೆ ಇರುವ 36 ಫೋಟೊ, ಜಿಆರ್‌ಎನ್ ಮತ್ತು ಡ್ರಾಯಿಂಗ್‌ನ ಪ್ರತಿ.

ಪತ್ರ ಇಷ್ಟೇ. ಜೂನ್ 11ರಂದು ಇಮೇಲ್‌ನಲ್ಲಿ ಹೋಗಿ, ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲೂ ಹೋದರೆ ತಲುಪಿದ್ದಕ್ಕೆ ಎರಡು ಸಾಕ್ಷಿ. ಮೋಸ, ವಂಚನೆ, ಕಳಪೆ ಎಂಬ ಒಂದು ಪದವೂ ಇದರಲ್ಲಿಲ್ಲ, ಅದರ ಅಗತ್ಯವೂ ಇಲ್ಲ. ಪಾವತಿಯ ಬಗೆಗಿನ ಕೊನೆಯ ಸಾಲು ಸೌಜನ್ಯಕ್ಕೆಂದು ಬರೆದದ್ದಲ್ಲ. ಇಡೀ ಬಿಲ್ ತಡೆಹಿಡಿದರೆ ಒಳ್ಳೆಯ ಮಾಲಿನ ದುಡ್ಡನ್ನೂ ಹಿಡಿದಂತಾಗಿ, ನ್ಯಾಯ ಪೂರೈಕೆದಾರರ ಕಡೆ ವಾಲುತ್ತದೆ. ಕಸುಬಿನೊಳಗಿನ ಇನ್ನೊಂದು ಕಾರಣವೂ ಇದೆ. ಎರಕದ ಪ್ಯಾಟರ್ನ್ ಸಾಮಾನ್ಯವಾಗಿ ಖರೀದಿದಾರನ ದುಡ್ಡಿನಲ್ಲಿ ಆಗಿದ್ದರೂ ಇರುವುದು ಫೌಂಡ್ರಿಯ ಶೆಡ್ಡಿನಲ್ಲಿ. ಜಗಳ ಬೆಳೆದರೆ ಅದನ್ನು ಬಿಡಿಸಿಕೊಂಡು ಬೇರೆ ಕಡೆ ಒಯ್ದು ಮೊದಲ ಎರಕ ತೆಗೆಯುವಷ್ಟರಲ್ಲಿ ವಾರಗಳೇ ಹೋಗುತ್ತವೆ.

ಮೆಷಿನಿಂಗ್ ವೆಚ್ಚವನ್ನು ಬೇರೆ ಪ್ಯಾರಾದಲ್ಲಿ ಕೇಳಿರುವುದಕ್ಕೂ ಅರ್ಥವಿದೆ. ಎರಕ ಕೆಟ್ಟರೆ ಎರಕದ ಬೆಲೆ ಮಾತ್ರ ಕೊಡುತ್ತೇವೆ, ಮೇಲಿನ ಕೂಲಿ ಕೊಡುವುದಿಲ್ಲ ಎಂಬ ನಿಲುವು ಫೌಂಡ್ರಿಗಳಲ್ಲಿ ಸಾಮಾನ್ಯ. ಪರ್ಚೇಸ್ ಆರ್ಡರಿನಲ್ಲಿ ಆ ಷರತ್ತು ಮೊದಲೇ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಚೌಕಾಸಿ. 2,520 ರೂಪಾಯಿಯ ಈ ತಕರಾರು 13,806 ರೂಪಾಯಿಯ ಕ್ರೆಡಿಟ್ ನೋಟನ್ನು ತಡೆಯಬಾರದು. ಎರಡನ್ನೂ ಒಂದೇ ಮೊತ್ತದಲ್ಲಿ ಸೇರಿಸಿದರೆ ತಡೆಯುತ್ತದೆ.

ಮಾಲನ್ನು ಹಿಂದಕ್ಕೆ ಸಾಗಿಸುವ ಹೊಣೆ ಯಾರದು ಎಂಬ ವಾದ ಪದೇಪದೇ ಏಳುತ್ತದೆ. ಬೇರೆ ಕರಾರು ಇಲ್ಲದಿದ್ದರೆ ಉತ್ತರ ಸರಕು ಮಾರಾಟ ಕಾಯ್ದೆಯ 43ನೇ ಕಲಮಿನಲ್ಲಿದೆ. ನಿರಾಕರಿಸುವ ಹಕ್ಕಿರುವ ಖರೀದಿದಾರ ಮಾಲನ್ನು ತಾನೇ ವಾಪಸ್ ಕಳಿಸಬೇಕಾಗಿಲ್ಲ, ನಿರಾಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು. ಯಾರೇ ಕಳಿಸಲಿ, ದಾರಿಯಲ್ಲಿ ಕಾಗದ ಬೇಕು. 138 ನಗದ ಬೆಲೆ ತೆರಿಗೆ ಸೇರಿ 1,05,846 ರೂಪಾಯಿ. ಸಾಗಣೆಯ ಮೊತ್ತ 50,000 ರೂಪಾಯಿ ದಾಟಿರುವುದರಿಂದ ವಾಪಸ್ ಹೋಗುವ ಲಾರಿಗೂ ಇ-ವೇ ಬಿಲ್ ಆಗಬೇಕು.

ಕೊನೆಗೆ ಕ್ರೆಡಿಟ್ ನೋಟ್. ಇಲ್ಲಿ ಸಾಮಾನ್ಯವಾದ ಒಂದು ಗೊಂದಲವಿದೆ. ಬಹಳಷ್ಟು ಖರೀದಿದಾರರು ತಾವೇ ಡೆಬಿಟ್ ನೋಟ್ ಬರೆದು, ಬಿಲ್ಲಿನಲ್ಲಿ ಮುರಿದುಕೊಂಡು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನ ಪ್ರಕಾರ ಸರಕು ವಾಪಸಾದಾಗ ಅಥವಾ ದೋಷವಿದ್ದಾಗ ತೆರಿಗೆ ಇಳಿಸುವ ದಾಖಲೆ ಪೂರೈಕೆದಾರರು ಬರೆಯುವ ಕ್ರೆಡಿಟ್ ನೋಟ್ ಮಾತ್ರ. ಖರೀದಿದಾರನ ಡೆಬಿಟ್ ನೋಟ್ ಲೆಕ್ಕದ ಪುಸ್ತಕಕ್ಕೆ ಒಂದು ಸೂಚನೆ ಅಷ್ಟೇ. ಕ್ರೆಡಿಟ್ ನೋಟ್ ಬಂದಾಗ ಪೂರೈಕೆದಾರರ ತೆರಿಗೆ ಇಳಿಯುತ್ತದೆ, ಖರೀದಿದಾರರು ಆ ಮೊತ್ತದ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಅಷ್ಟೇ ಹಿಂದಿರುಗಿಸಬೇಕು. ಬದಲಿ ಮಾಲಿನ ವಿಷಯದಲ್ಲೂ ಹಳೆಯದಕ್ಕೆ ಕ್ರೆಡಿಟ್ ನೋಟ್, ಹೊಸದಕ್ಕೆ ಹೊಸ ಇನ್‌ವಾಯ್ಸ್ ಮಾಡುವುದೇ ಎರಡೂ ಕಡೆಯ ಪುಸ್ತಕಕ್ಕೆ ಸ್ವಚ್ಛವಾದ ದಾರಿ. ‘ಮುಂದಿನ ಲೋಡ್‌ನಲ್ಲಿ ಇಪ್ಪತ್ತು ಜಾಸ್ತಿ ಹಾಕಿ ಕೊಡ್ತೀವಿ’ ಎಂಬ ಬಾಯಿಮಾತಿನ ಹೊಂದಾಣಿಕೆ ಸ್ಟಾಕ್ ಎಣಿಸುವ ದಿನ ತಲೆನೋವಾಗುತ್ತದೆ.

ಇದಕ್ಕೂ ಒಂದು ಗಡುವಿದೆ. ಮಾಲು ಪೂರೈಸಿದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದರೊಳಗೆ ಪೂರೈಕೆದಾರರು ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಬೇಕು. ದಾಟಿದರೆ ಬೆಲೆ ಇಳಿಸಬಹುದು, ಕಟ್ಟಿದ ತೆರಿಗೆ ಇಳಿಯುವುದಿಲ್ಲ. ಆಗ ಆ ಶೇಕಡಾ 18 ಯಾರು ಹೊರಬೇಕು ಎಂಬ ಎರಡನೇ ಜಗಳ ಶುರುವಾಗುತ್ತದೆ. ಮಾರ್ಚ್ ತಿಂಗಳಿನ ಬಿಲ್‌ಗಳಿಗೆ ಸಿಗುವ ಸಮಯ ಏಪ್ರಿಲ್‌ನ ಬಿಲ್‌ಗಳಿಗಿಂತ ಸುಮಾರು ಹನ್ನೊಂದು ತಿಂಗಳು ಕಡಿಮೆ.

ಕ್ರೆಡಿಟ್ ನೋಟ್‌ನ ಪಿಡಿಎಫ್ ಇಮೇಲ್‌ಗೆ ಬಂದ ಮಾತ್ರಕ್ಕೆ ದೂರಿನ ಫೈಲ್ ಮುಚ್ಚಬಾರದು. ಅದು ಖರೀದಿದಾರರ GSTR-2B ಪಟ್ಟಿಯಲ್ಲಿ, ಸರಿಯಾದ ಮೊತ್ತದೊಂದಿಗೆ ಕಂಡ ದಿನವೇ ಆ ಲಾಟ್‌ನ ಲೆಕ್ಕ ಚುಕ್ತಾ.